ಕೈಪಿಡಿಯ ಕನ್ನಡದಲ್ಲಿ ‘ತೆರೆ’ ಎಂಬ ಕ್ರಿಯಾಪದ

ಕೇಂದ್ರ ಸರ್ಕಾರದ ಕುಸುಮ್ ಯೋಜನೆಯು 2019ರಲ್ಲಿ ಆರಂಭವಾದಂದಿನಿಂದ, ಬಿಸಿಲಿನ ಶಕ್ತಿಯಿಂದ ನೀರೆತ್ತುವ ಪಂಪುಗಳ ವಿಷಯವನ್ನು ನಮ್ಮ ರೈತರಲ್ಲಿ ಅನೇಕರು ಕೇಳಿ ಬಲ್ಲರು. ಇವುಗಳನ್ನು ಹೊಲದಲ್ಲಿಯೇ ನಿಂತು ದುರಸ್ತಿಮಾಡುವ ಮೆಕ್ಯಾನಿಕ್ಕನ ಕೈಗೆ ಕನ್ನಡದ ಕೈಪಿಡಿಯೊಂದನ್ನು ಕೊಡಬೇಕಾದರೆ ಅದರ ಭಾಷೆ ಹೇಗಿರಬೇಕೆಂಬುದೇ ಇಲ್ಲಿಯ ವಿಚಾರ. ಕೆಳಗಿನ ಉದಾಹರಣೆಗಳು ಯಾವುದೊಂದು ಪುಸ್ತಕದಿಂದಲೂ ಎತ್ತಿದವಲ್ಲ. ದೋಷದ ಸ್ವರೂಪವು ತಿಳಿಯಲೆಂದು ರಚಿಸಿದವು.

ಇಂಗ್ಲಿಷಿನ ‘ಓಪನ್’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಆ ಭಾಷೆಯಲ್ಲಿ ಸ್ವಿಚ್ಚನ್ನು ಓಪನ್ ಮಾಡುವುದೆಂದರೆ ವಿದ್ಯುನ್ಮಂಡಲವನ್ನು ಕಡಿದು ಪ್ರವಾಹವನ್ನು ನಿಲ್ಲಿಸುವುದು. ವಾಲ್ವನ್ನು ಓಪನ್ ಮಾಡುವುದೆಂದರೆ ನೀರನ್ನು ಹರಿಯಬಿಡುವುದು. ಪಂಪಿನ ಕೈಪಿಡಿಯಲ್ಲಿ ಈ ಎರಡೂ ಒಂದೇ ಪುಟದಲ್ಲಿ ಬರುತ್ತವೆ. ಅನುವಾದಕನು ಎರಡು ಕಡೆಯಲ್ಲಿಯೂ ‘ತೆರೆಯಿರಿ’ ಎಂದು ಬರೆದರೆ ನಿಘಂಟಿಗೆ ತಪ್ಪಿದವನಲ್ಲ. ‘ತೆರೆದ ಮಂಡಲ’, ‘ಮುಚ್ಚಿದ ಮಂಡಲ’ ಎಂಬ ಪಾಠಪುಸ್ತಕದ ಪ್ರಯೋಗಗಳೂ ಅವನಿಗೆ ಬೆಂಬಲವಾಗಿವೆ. ಆದರೆ ಕನ್ನಡಿಗನ ಅನುಭವದಲ್ಲಿ ನಲ್ಲಿಯನ್ನು ತೆರೆದರೆ ನೀರು ಬರುತ್ತದೆ, ತೂಬನ್ನು ತೆರೆದರೆ ಕಾಲುವೆ ತುಂಬುತ್ತದೆ. ತೆರೆಯುವುದೆಂದರೆ ಹರಿಯಬಿಡುವುದೇ. ‘ಸ್ವಿಚ್ಚನ್ನು ತೆರೆದು ಕೆಲಸ ಮಾಡಿ’ ಎಂಬುದನ್ನು ಓದಿದವನು ಸ್ವಿಚ್ಚನ್ನು ಹಾಕಿಯೇ ಕೆಲಸಕ್ಕೆ ತೊಡಗಿದರೆ ಅಪರಾಧ ಅವನದಲ್ಲ. ‘ಆಫ್ ಮಾಡಿ’ ಎಂಬುದು ಅಚ್ಚಗನ್ನಡವಲ್ಲವೆಂದು ಮೂಗುಮುರಿಯುವವರುಂಟು. ಈ ಸ್ಥಳದಲ್ಲಿ ಮಾತ್ರ ಅದರಷ್ಟು ನಿಸ್ಸಂದೇಹವಾದ ಮಾತು ನಮ್ಮಲ್ಲಿ ಬೇರೊಂದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ದೋಷವು ವಾಕ್ಯರಚನೆಯಲ್ಲಿದೆ. ‘ಮಾಡಿ’ ಎಂಬ ರೂಪವು ನಮ್ಮಲ್ಲಿ ಭೂತಕೃದಂತವೂ ಹೌದು, ಗೌರವದ ವಿಧಿರೂಪವೂ ಹೌದು. ‘ಸ್ವಿಚ್ಚು ಆಫ್ ಮಾಡಿ ತಂತಿಯನ್ನು ಬಿಚ್ಚಬೇಡಿ’ ಎಂದರೇನು? ಸ್ವಿಚ್ಚನ್ನು ಆಫ್ ಮಾಡಿರಿ, ತಂತಿಯನ್ನಂತೂ ಮುಟ್ಟಬೇಡಿರಿ ಎಂದೋ? ಆಫ್ ಮಾಡಿದ ಬಳಿಕ ಬಿಚ್ಚಬಾರದು ಎಂದೋ? ಬರೆದವನ ಅಭಿಪ್ರಾಯವು ಬಹುಶಃ ಈ ಎರಡೂ ಅಲ್ಲ. ಆಫ್ ಮಾಡದೆ ಬಿಚ್ಚಬಾರದೆಂಬುದು. ಸೂರ್ಯಫಲಕದ ತಂತಿಯ ವಿಷಯದಲ್ಲಿ ಈ ಸಂದಿಗ್ಧವು ಬಹು ಕೆಟ್ಟದ್ದು. ಮನೆಯ ಎ.ಸಿ. ಪ್ರವಾಹವು ಸೆಕೆಂಡಿಗೆ 100 ಸಾರಿ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿಯು ಆರಿಹೋಗಲು ಅವಕಾಶವುಂಟು. ಫಲಕದ ಡಿ.ಸಿ. ಪ್ರವಾಹವು ಹಾಗೆ ಇಳಿಯುವುದಿಲ್ಲ. ಪ್ರವಾಹವಿರುವಾಗ ಜೋಡಣೆಯನ್ನು ಎಳೆದರೆ ಕಿಡಿಯು ನಿಂತು ಉರಿಯಬಲ್ಲುದು. ‘ಆಫ್ ಮಾಡದೆ ಬಿಚ್ಚಬಾರದು’ ಎಂದು ನಿಷೇಧಕೃದಂತವನ್ನು ಬಳಸಿದರೆ ಸಂಶಯವು ತಾನಾಗಿ ಪರಿಹಾರವಾಗುತ್ತದೆ.

ಇನ್ನು ದೋಷಪರಿಶೀಲನೆಯ ಒಂದು ಪ್ರಕರಣ. ಬಿಸಿಲು ಚೆನ್ನಾಗಿದೆ, ಪಂಪು ತಿರುಗುತ್ತಿದೆ, ನೀರು ಮಾತ್ರ ಸಣ್ಣಗೆ ಬರುತ್ತಿದೆ. ಮೊದಲು ವಾಲ್ವು ಪೂರ್ತಿ ತೆರೆದಿದೆಯೇ ಎಂದು ನೋಡಬೇಕು. ತೆರೆದಿದ್ದರೆ, ಮೂರು ಫೇಸಿನ ಮೋಟಾರು ಹಿಂದುಮುಂದಾಗಿ ತಿರುಗುತ್ತಿರಬಹುದು. ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಯಾವುವಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಹೀಗೆ ಹೇಳುವ ಸಾಲಿನಲ್ಲಿಯೇ ಎಚ್ಚರಿಕೆಯೂ ಇರಬೇಕು. ಕೈಪಿಡಿಯ ಎರಡನೆಯ ಪುಟದಲ್ಲಿ ಎಲ್ಲ ಎಚ್ಚರಿಕೆಗಳನ್ನೂ ಗುಡ್ಡೆಹಾಕಿ, ಮೂವತ್ತನೆಯ ಪುಟದಲ್ಲಿ ‘ತಂತಿಗಳನ್ನು ಬದಲಿಸಿ’ ಎಂದಷ್ಟೇ ಹೇಳುವ ಪದ್ಧತಿಯು, ಹೊಲದಲ್ಲಿ ಬೇಕಾದ ಪುಟವೊಂದನ್ನೇ ತಿರುವಿ ನೋಡುವವನಿಗೆ ನಿರುಪಯೋಗಿ. ಆ ಕಂತನ್ನು ನಾನು ಹೀಗೆ ಬರೆದೇನು:

‘ಫಲಕದ ಸ್ವಿಚ್ಚನ್ನು ಆಫ್ ಮಾಡಿರಿ. ಆಫ್ ಮಾಡಿದ ಹೊತ್ತಿನಿಂದ, ಪೆಟ್ಟಿಗೆಯ ಮೇಲೆ ಬರೆದಿರುವಷ್ಟು ನಿಮಿಷ ಕಾಯಿರಿ. ದೀಪ ಆರಿತೆಂದು ಮುಚ್ಚಳವನ್ನು ಬಿಚ್ಚಬಾರದು. ಒಳಗಿನ ಕೆಪ್ಯಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ಆಮೇಲೆ ಮುಚ್ಚಳವನ್ನು ಬಿಚ್ಚಿ, ಮೀಟರನ್ನು ಡಿ.ಸಿ.ಗೆ ಇಟ್ಟು ಅಳೆಯಿರಿ. ಅಳೆಯದೆ ತಂತಿಯನ್ನು ಮುಟ್ಟಬಾರದು.’

‘ಡಿ.ಸಿ.ಗೆ ಇಟ್ಟು’ ಎಂಬ ಮಾತನ್ನು ಮಾತು ಬೆಳೆಯಿತೆಂದು ಬಿಡುವಂತಿಲ್ಲ. ‘ವೋಲ್ಟೇಜು ಇಲ್ಲವೆಂದು ಖಚಿತಪಡಿಸಿಕೊಳ್ಳಿ’ ಎಂದಷ್ಟೇ ಬರೆದರೆ, ಮನೆಯ ವೈರಿಂಗಿನ ಅಭ್ಯಾಸದಿಂದ ಮೀಟರನ್ನು ಎ.ಸಿ.ಗೇ ಇಟ್ಟವನಿಗೆ ಮುಳ್ಳು ಸೊನ್ನೆಯ ಹತ್ತಿರ ನಿಂತೀತು, ಕೆಪ್ಯಾಸಿಟರಿನಲ್ಲಿ ನೂರಾರು ವೋಲ್ಟು ಉಳಿದಿದ್ದರೂ. ಇನ್ನೊಂದು ಸಂಗತಿ: ಸ್ವಿಚ್ಚಿಗೆ ಫಲಕದ ಕಡೆಯಿಂದ ಬಂದು ಸೇರುವ ತಿರುಪುಗಳಲ್ಲಿ, ಅದನ್ನು ಆಫ್ ಮಾಡಿದ ಮೇಲೂ, ಬಿಸಿಲಿರುವ ತನಕ ವೋಲ್ಟೇಜು ಇದ್ದೇ ಇರುತ್ತದೆ. ‘ವಿದ್ಯುತ್ ಸರಬರಾಜನ್ನು ಕಡಿತಗೊಳಿಸಿ’ ಎಂಬ ಸಾಮಾನ್ಯ ವಾಕ್ಯದಿಂದ ಇದು ತಿಳಿಯುವುದಿಲ್ಲ. ಮೆಕ್ಯಾನಿಕ್ಕನ ದೃಷ್ಟಿಯಲ್ಲಿ ಸರಬರಾಜೆಂದರೆ ಕಂಬದಿಂದ ಬರುವ ಲೈನು, ಸೂರ್ಯನಲ್ಲ. ಆದುದರಿಂದ ಆ ತಿರುಪುಗಳನ್ನು ಚಿತ್ರದಲ್ಲಿ ಗುರುತಿಸಿ, ‘ಹಗಲಿನಲ್ಲಿ ಇಲ್ಲಿ ಯಾವಾಗಲೂ ಕರೆಂಟು ಇರುತ್ತದೆ’ ಎಂದು ಅವುಗಳ ಪಕ್ಕದಲ್ಲಿಯೇ ಅಚ್ಚುಹಾಕಿಸಬೇಕು.