ಸುದ್ದಿಯಿಲ್ಲದ ವಾರಗಳು: ರಿಕ್ರೂಟರ್‌ಗೆ ಬರೆದ ಕೃತಜ್ಞತಾ ಪತ್ರವನ್ನು ಓದುವ ಬಗೆ

ಕೆಲಸ ಸಿಕ್ಕಿದ ಮರುದಿನವೇ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಬೀಳುತ್ತದೆ. ಹೊಸ ಕಂಪನಿಯ ಬ್ಯಾಗು, ಟೀ ಷರ್ಟು, ಐಡಿ ಕಾರ್ಡು ಮೇಜಿನ ಮೇಲೆ ಜೋಡಿಸಿಟ್ಟ ಫೋಟೊ. ಕೆಳಗೆ ರಿಕ್ರೂಟರ್ ಹೆಸರಿಗೆ ಟ್ಯಾಗ್, ಜೊತೆಗೆ ‘ನಿಮ್ಮ ಬೆಂಬಲವಿಲ್ಲದೆ ಇದು ಸಾಧ್ಯವೇ ಇರಲಿಲ್ಲ’ ಎಂಬ ಸಾಲು. ನೂರಾರು ಲೈಕು. ‘ಎಷ್ಟು ಚೆನ್ನಾಗಿ ಬರೆದಿದ್ದಾರೆ’ ಎಂದು ಓದಿದವರೆಲ್ಲ ಹೇಳುತ್ತಾರೆ. ಆ ರಿಕ್ರೂಟರ್ ಮಾಡಿದ್ದೇನು ಎಂದು ಅವರನ್ನು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಗೊತ್ತಾಗುವಂಥದ್ದು ಆ ಸಾಲಿನಲ್ಲಿ ಇರುವುದೂ ಇಲ್ಲ. ಹೆಸರು ಬದಲಿಸಿದರೆ ಅದೇ ಸಾಲನ್ನು ಜಿಮ್ ತರಬೇತುದಾರನಿಗೂ ಕಳಿಸಬಹುದು. ಇಂಥದ್ದನ್ನು ಮೆಚ್ಚುವವರ ನಡುವೆ ಕೂತು ನನಗೆ ಸಾಕಾಗಿದೆ.

ನಾನು ಹೇಳಹೊರಟಿರುವ ಪತ್ರವೇ ಬೇರೆ. ಅದನ್ನು ಓದುವವರು ಒಬ್ಬರೇ. ನೇಮಕಾತಿ ತಿಂಗಳುಗಟ್ಟಲೆ ಎಳೆದಾಡಿ, ನಡುವೆ ಎರಡು ಮೂರು ಸಲ ಮುರಿದುಬಿದ್ದು, ಕೊನೆಗೂ ಮುಗಿದ ಮೇಲೆ ಅಭ್ಯರ್ಥಿ ಆ ಒಬ್ಬರಿಗೆ ಬರೆಯುವ ಪತ್ರ ಅದು. ಅದರ ರುಚಿ ಹತ್ತಿದವರು ಪೋಸ್ಟುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಇಂಥ ಪತ್ರ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಒಂದೇ ಒಂದು ಜಾಗವನ್ನು: ಏನೂ ಸುದ್ದಿಯಿಲ್ಲದ ವಾರಗಳ ಬಗ್ಗೆ ಬರೆದವರು ಏನು ಹೇಳಿದ್ದಾರೆ? ಇಂಟರ್‌ವ್ಯೂಗಳ ವರ್ಣನೆ ಎಲ್ಲರೂ ಮಾಡುತ್ತಾರೆ, ಆಫರ್ ಬಂದ ದಿನದ ಸಂಭ್ರಮವನ್ನೂ ಬರೆಯುತ್ತಾರೆ. ಆದರೆ ರಿಕ್ರೂಟರ್ ಎಂಥವರು ಎಂದು ತಿಳಿಯುವುದು ಇವೆರಡರ ನಡುವಿನ ಖಾಲಿ ವಾರಗಳಲ್ಲಿ. ಪತ್ರದ ಸತ್ವವಿರುವುದೂ ಅಲ್ಲೇ.

ಆ ವಾರಗಳಲ್ಲಿ ಕಂಪನಿಯೊಳಗೆ ಏನು ನಡೆದಿರುತ್ತದೆ ಎಂಬುದು ಓದುಗನಿಗೆ ಸ್ವಲ್ಪ ಗೊತ್ತಿರಬೇಕು. ಹುದ್ದೆಯ ಬಜೆಟ್ ಮುಂದಿನ ತ್ರೈಮಾಸಿಕದವರೆಗೆ ತಡೆಹಿಡಿದಿರಬಹುದು. ಪ್ಯಾನೆಲ್‌ನಲ್ಲಿದ್ದವರೊಬ್ಬರು ತಮ್ಮ ಅಭಿಪ್ರಾಯವನ್ನು ಇನ್ನೂ ಬರೆದು ಹಾಕಿರಲಿಕ್ಕಿಲ್ಲ. ಕೇಳಿದ ಸಂಬಳ ಆ ಹುದ್ದೆಯ ಮಿತಿಗಿಂತ ಮೇಲಿದ್ದು, ಒಪ್ಪಿಗೆಗಾಗಿ ಕಡತ ಮೇಲಕ್ಕೆ ಹೋಗಿರಬಹುದು. ಇನ್ನೊಬ್ಬ ಅಭ್ಯರ್ಥಿಗೆ ಮೊದಲು ಆಫರ್ ಕೊಟ್ಟು, ಅವರು ಬೇಡವೆಂದರೆ ಇರಲಿ ಎಂದು ಇವರನ್ನು ಕಾಯಿಸುತ್ತಿರಬಹುದು. ಇವುಗಳಲ್ಲಿ ಯಾವುದು ನಿಜ ಎಂದು ರಿಕ್ರೂಟರ್‌ಗೆ ಗೊತ್ತಿರುತ್ತದೆ, ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಹಲವು ಸಲ ಇರುವುದಿಲ್ಲ. ಹಾಗಾಗಿ ‘ಪ್ರೊಸೆಸ್ ನಡೀತಾ ಇದೆ’ ಎಂಬ ಮಾತು ಹುಟ್ಟಿಕೊಂಡಿದೆ. ಅದು ಸುಳ್ಳಲ್ಲ, ಅದರಿಂದ ಕಾಯುವವರಿಗೆ ಉಪಯೋಗವೂ ಇಲ್ಲ. ಒಳ್ಳೆಯ ರಿಕ್ರೂಟರ್ ಗುಟ್ಟು ಬಿಡದೆಯೇ ಅಷ್ಟಕ್ಕಿಂತ ಹೆಚ್ಚು ಹೇಳುತ್ತಾರೆ: ‘ಈ ತಿಂಗಳು ಏನೂ ಆಗುವುದಿಲ್ಲ, ಕಾಯುತ್ತಾ ಕೂರಬೇಡಿ.’ ಈ ಮಾತು ಹೇಳುವುದಕ್ಕೆ ಅವರು ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ಪತ್ರ ಬರೆದವರಿಗೆ ಅರ್ಥವಾಗಿದೆಯೇ? ನಾನು ನೋಡುವುದು ಅದನ್ನೇ.

ಇದನ್ನು ನನಗೆ ಕಲಿಸಿದ್ದು ಪೀಣ್ಯದ ಒಂದು ಕಾರ್ಖಾನೆಯ ಹಳೆಯ ಫೈಲು. ನಾನು ಪರ್ಸನೆಲ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಕಾಲ. ರಿಕ್ರೂಟರ್ ಎಂಬ ಹುದ್ದೆ ನಮ್ಮಲ್ಲಿ ಇರಲಿಲ್ಲ, ಪರ್ಸನೆಲ್ ಆಫೀಸರೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಫೈಲಿನಲ್ಲಿ ಲೇತ್ ಕೆಲಸಕ್ಕೆ ಸೇರಿದ ಹುಡುಗನೊಬ್ಬನ ಇನ್‌ಲ್ಯಾಂಡ್ ಪತ್ರವಿತ್ತು. ‘ತಾವು ಕೆಲಸ ಕೊಡಿಸಿದಿರಿ’ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ‘ನಾನು ಕೇಳಲು ಬಂದಾಗಲೆಲ್ಲ ತಾವೇ ಗೇಟಿನವರೆಗೆ ಬಂದು ಇನ್ನೂ ಆಗಿಲ್ಲ ಎಂದು ಹೇಳುತ್ತಿದ್ದಿರಿ. ವಾಚ್‌ಮನ್ ಕೈಲಿ ಹೇಳಿಸಲಿಲ್ಲ’ ಎಂದಿತ್ತು. ಅಷ್ಟೇ. ಆ ಅಧಿಕಾರಿಯನ್ನು ನಾನು ದಿನಾ ನೋಡುತ್ತಿದ್ದೆ. ಅವರ ಬಗ್ಗೆ ನನಗೆ ಗೊತ್ತಿಲ್ಲದ ಒಂದು ವಿಷಯ ಆ ಎರಡು ಸಾಲಿನಿಂದ ತಿಳಿಯಿತು. ಆಗಿಲ್ಲ ಎಂಬ ಸುದ್ದಿಗೂ ಧನ್ಯವಾದ ಹೇಳಬಹುದು, ಹೇಳಿದರೆ ಅದೇ ಪತ್ರದ ಜೀವವಾಗುತ್ತದೆ ಎಂಬುದು ಅಂದಿನಿಂದ ನನ್ನ ಓದಿನ ಅಳತೆಗೋಲು.

ಈಗ ಒಂದು ಪತ್ರವನ್ನು ಸಾವಧಾನವಾಗಿ ಓದೋಣ. ಬರೆದವರು ಮೈಸೂರಿನ ಸಾಫ್ಟ್‌ವೇರ್ ಟೆಸ್ಟರ್. ತಂದೆಯ ಕಾಯಿಲೆಗಾಗಿ ಕೆಲಸ ಬಿಟ್ಟು, ಎರಡು ವರ್ಷದ ಬಿಡುವಿನ ನಂತರ ಬೆಂಗಳೂರಿನ ಒಂದು ಕಂಪನಿಗೆ ಅರ್ಜಿ ಹಾಕಿದ್ದರು. ಫೆಬ್ರವರಿಯಲ್ಲಿ ಶುರುವಾದದ್ದು ಆಗಸ್ಟ್‌ನಲ್ಲಿ ಮುಗಿಯಿತು. ಅವರ ಒಪ್ಪಿಗೆ ಪಡೆದು ಆ ರಿಕ್ರೂಟರ್ ನನಗೆ ಪತ್ರ ತೋರಿಸಿದರು.

ಮೊದಲ ಪ್ಯಾರಾ ಸಾಧಾರಣ. ಎರಡನೆಯದು ಹೀಗಿದೆ: ‘ಏಪ್ರಿಲ್ ಕೊನೆಯಲ್ಲಿ ಫೋನ್ ಮಾಡಿ, ಹುದ್ದೆ ಸದ್ಯಕ್ಕೆ ನಿಂತಿದೆ, ಜುಲೈಗೆ ಮುಂಚೆ ಆಗುವುದಿಲ್ಲ, ಬೇರೆ ಕಡೆ ಅವಕಾಶ ಬಂದರೆ ಬಿಡಬೇಡಿ ಎಂದಿರಿ ಮೇಡಂ. ಅವತ್ತು ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ನಾನು ಬೇರೆ ಕಡೆ ಹೋಗಿದ್ದರೆ ನಿಮ್ಮ ಅಷ್ಟೂ ತಿಂಗಳ ಕೆಲಸ ವ್ಯರ್ಥವಾಗುತ್ತಿತ್ತು. ಗೊತ್ತಿದ್ದೂ ಹೇಳಿದಿರಿ.’

ಇಲ್ಲಿ ನಿಲ್ಲಬೇಕು. ಎಷ್ಟು ಹುದ್ದೆ ತುಂಬಿದರು, ಎಷ್ಟು ದಿನದಲ್ಲಿ ತುಂಬಿದರು, ಆಫರ್ ಪಡೆದವರಲ್ಲಿ ಎಷ್ಟು ಜನ ನಿಜವಾಗಿ ಸೇರಿದರು ಎಂಬ ಲೆಕ್ಕದಲ್ಲಿ ಕಂಪನಿ ರಿಕ್ರೂಟರ್‌ಗಳನ್ನು ತೂಗುತ್ತದೆ. ಹೀಗಿರುವಾಗ ಕೈಯಲ್ಲಿರುವ ಅಭ್ಯರ್ಥಿಗೆ ‘ಬೇರೆ ಕಡೆ ಹೋಗಿ’ ಎನ್ನುವುದೆಂದರೆ ತನ್ನ ಲೆಕ್ಕವನ್ನು ತಾನೇ ಕೆಡಿಸಿಕೊಂಡಂತೆ. ಪತ್ರ ಬರೆದವರು ಇದನ್ನು ಗುರುತಿಸಿದ್ದಾರೆ. ಅವತ್ತಿನ ಸಿಟ್ಟನ್ನೂ ಮುಚ್ಚಿಟ್ಟಿಲ್ಲ. ಸಿಟ್ಟಿನ ಸಾಲು ತೆಗೆದುಹಾಕಿ ಓದಿನೋಡಿ, ಇಡೀ ಪ್ಯಾರಾ ಹೊಗಳಿಕೆಯಾಗಿಬಿಡುತ್ತದೆ.

ಪತ್ರ ಬರೆದವರು ಬಂದ ಅವಕಾಶ ಬಿಡಲಿಲ್ಲ, ಮೈಸೂರಿನಲ್ಲೇ ಒಂದು ಕಾಂಟ್ರಾಕ್ಟ್ ಕೆಲಸ ಹಿಡಿದರು. ಜುಲೈನಲ್ಲಿ ಹುದ್ದೆ ಮತ್ತೆ ತೆರೆದಾಗ ಹಳೆಯ ಮ್ಯಾನೇಜರ್ ಬೇರೆ ತಂಡಕ್ಕೆ ಹೋಗಿದ್ದರು. ಹೊಸಬರು ಎಲ್ಲವನ್ನೂ ಮೊದಲಿನಿಂದ ಮಾಡಬೇಕೆಂದರು. ರಿಕ್ರೂಟರ್ ಹಿಂದಿನ ಪ್ಯಾನೆಲ್ ಬರೆದಿದ್ದ ಅಭಿಪ್ರಾಯಗಳನ್ನು ಮುಂದಿಟ್ಟು, ಒಂದೇ ಸುತ್ತು ಸಾಕೆಂದು ಒಪ್ಪಿಸಿದರು. ಪತ್ರ ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿ ಹೀಗೆ ಮುಂದುವರಿಯುತ್ತದೆ: ‘ಪ್ಯಾನೆಲ್ ನನ್ನ ಬಗ್ಗೆ ಏನು ಬರೆದಿತ್ತೆಂದು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಟೊಮೇಷನ್ ಇನ್ನೊಮ್ಮೆ ಓದಿಕೊಳ್ಳಿ ಎಂದಷ್ಟೇ ಹೇಳಿದಿರಿ.’ ರಿಕ್ರೂಟರ್ ದಾಟದೆ ಉಳಿದ ಗೆರೆಗೂ ಇಲ್ಲಿ ಕೃತಜ್ಞತೆ ಸಂದಿದೆ. ಇಷ್ಟು ನವಿರಾದ ಸಾಲು ನನಗೆ ಮತ್ತೆ ಸಿಕ್ಕಿದ್ದು ಅಪರೂಪ.

ಕೊನೆಯ ತೊಡಕು ಹಿನ್ನೆಲೆ ಪರಿಶೀಲನೆಯದು. ಅವರು ಹಿಂದೆ ದುಡಿದಿದ್ದ ಸ್ಟಾರ್ಟಪ್ ಮುಚ್ಚಿಹೋಗಿತ್ತು. ರಿಲೀವಿಂಗ್ ಲೆಟರ್ ಇಲ್ಲ, ಮೇಲ್ ಹಾಕಿದರೆ ಉತ್ತರಿಸುವವರಿಲ್ಲ. ಪರಿಶೀಲನೆ ಮಾಡುವ ಏಜೆನ್ಸಿ ‘ಖಚಿತಪಡಿಸಲಾಗಿಲ್ಲ’ ಎಂದು ಬರೆದರೆ ಆಫರ್ ಹಿಂದಕ್ಕೆ ಹೋಗುವ ಅಪಾಯವಿತ್ತು. ಪತ್ರದಲ್ಲಿ ಈ ಭಾಗವೇ ಎಲ್ಲಕ್ಕಿಂತ ಉದ್ದ, ಹಾಗಿರುವುದು ಸರಿಯಾಗಿಯೂ ಇದೆ. ಭವಿಷ್ಯ ನಿಧಿಯ ಪಾಸ್‌ಬುಕ್‌ನಲ್ಲಿ ಕಂಪನಿಯ ಹೆಸರೂ ತಿಂಗಳ ವಂತಿಗೆಯೂ ಇರುತ್ತವೆ. ಆದಾಯ ತೆರಿಗೆಯ ಫಾರ್ಮ್ 26ಎಎಸ್‌ನಲ್ಲಿ ಸಂಬಳದಿಂದ ತೆರಿಗೆ ಮುರಿದುಕೊಂಡವರು ಯಾರು ಎಂಬುದು ಇರುತ್ತದೆ. ಇವೆರಡರ ಜೊತೆಗೆ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ ಎಂದು ರಿಕ್ರೂಟರ್ ಹೇಳಿದ್ದರು. ನಿಧಿಯ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕ ಖಾಲಿ ಇತ್ತು. ಅದನ್ನು ತುಂಬಬೇಕಾದ ಕಂಪನಿಯೇ ಇರಲಿಲ್ಲ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಸದಸ್ಯರು ತಾವೇ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಬಳಸಿ ಆ ದಿನಾಂಕ ತುಂಬಬಹುದು ಎಂಬುದನ್ನು ಹುಡುಕಿ ಹೇಳಿದವರೂ ಅವರೇ. ಪತ್ರದಲ್ಲಿ ಇದೆಲ್ಲ ಒಂದೊಂದಾಗಿ ಬರುತ್ತದೆ. ‘ಡಾಕ್ಯುಮೆಂಟ್ಸ್ ವಿಷಯದಲ್ಲಿ ತುಂಬಾ ಸಹಾಯ ಮಾಡಿದಿರಿ’ ಎಂದು ಒಂದೇ ಸಾಲಿನಲ್ಲಿ ತೇಲಿಸಿಬಿಡಬಹುದಿತ್ತು. ಹೀಗೆ ಬಿಡಿಸಿ ಬರೆದದ್ದರಿಂದ ಆ ರಿಕ್ರೂಟರ್ ಮುಂದೆ ಬಂದ ಇನ್ನೊಬ್ಬ ಅಭ್ಯರ್ಥಿಗೆ ಇದೇ ಪತ್ರ ನೋಡಿಕೊಂಡು ದಾರಿ ಹೇಳಿದರು.

ಉಳಿದ ಲಕ್ಷಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದಿನಾಂಕ ನೋಡಿ. ಆಫರ್ ಬಂದ ಸಂಜೆಯೇ ಬರೆದದ್ದರಲ್ಲಿ ಉಬ್ಬರ ಜಾಸ್ತಿ. ಕೆಲಸಕ್ಕೆ ಸೇರಿ, ಮೊದಲ ಸಂಬಳ ಬಂದ ಮೇಲೆ ಬರೆದದ್ದರಲ್ಲಿ ತೂಕವಿರುತ್ತದೆ. ದೊಡ್ಡ ಐಟಿ ಕಂಪನಿಗಳಲ್ಲಿ 90 ದಿನದ ನೋಟಿಸ್ ಅವಧಿ ಸಾಮಾನ್ಯವಾದ್ದರಿಂದ, ಆಫರಿಗೂ ಮೊದಲ ಸಂಬಳಕ್ಕೂ ನಡುವೆ ಹಲವು ತಿಂಗಳು ಕಳೆದಿರುತ್ತವೆ. ಅಷ್ಟರ ನಂತರವೂ ನೆನಪಿನಲ್ಲಿ ಉಳಿದದ್ದು ಮಾತ್ರ ಕಾಗದಕ್ಕೆ ಬರುತ್ತದೆ.

ಪತ್ರ ಇನ್ನು ಯಾರಿಗೆ ಹೋಗಿದೆ ಎಂಬುದನ್ನೂ ನೋಡಿ. ಮೇಲಧಿಕಾರಿಗೆ ಪ್ರತಿ ಹಾಕಿದರೆ ರಿಕ್ರೂಟರ್‌ಗೆ ಉಪಕಾರವಾಗುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ‘ಬೇರೆ ಕಡೆ ಅವಕಾಶ ಬಂದರೆ ಬಿಡಬೇಡಿ ಎಂದಿರಿ’ ಎಂಬ ಸಾಲು ಮೇಲಧಿಕಾರಿಯ ಕಣ್ಣಿಗೆ ಬಿದ್ದರೆ ಏನಾಗುತ್ತದೆ, ಯೋಚಿಸಿ. ಮೈಸೂರಿನವರು ಎರಡು ಪತ್ರ ಬರೆದಿದ್ದರು. ಪರಿಶೀಲನೆಯ ವೇಳೆ ಸಿಕ್ಕ ನೆರವಿನ ಬಗ್ಗೆ ಮಾತ್ರ ಹೇಳುವ ಚಿಕ್ಕದು ಮೇಲಧಿಕಾರಿಗೂ ಹೋಯಿತು, ದೊಡ್ಡದು ಮೇಡಂಗೆ ಮಾತ್ರ. ಪೋಸ್ಟ್ ಹಾಕುವವರಿಗೆ ಈ ವಿವೇಚನೆಗೆ ಜಾಗವೇ ಇರುವುದಿಲ್ಲ. ಎಲ್ಲರೂ ಓದಬಹುದಾದದ್ದನ್ನಷ್ಟೇ ಬರೆಯಬೇಕಾದ್ದರಿಂದ ಅವರ ಬರಹ ಅಷ್ಟು ಬೋಳು.

ಏಜೆನ್ಸಿಯ ರಿಕ್ರೂಟರ್‌ಗೆ ಬರೆದ ಪತ್ರಗಳ ಲೆಕ್ಕ ಸ್ವಲ್ಪ ಬೇರೆ. ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಶುಲ್ಕವನ್ನು ಕಂಪನಿ ಏಜೆನ್ಸಿಗೆ ಕೊಡುವುದು ನಮ್ಮಲ್ಲಿ ಬಹಳ ಕಾಲದ ರೂಢಿ. ಸೇರಿದವರು ಬೇಗ ಬಿಟ್ಟುಹೋದರೆ ಬದಲಿಗೆ ಇನ್ನೊಬ್ಬರನ್ನು ಕೊಡುವ ಹೊಣೆಯೂ ಸಾಮಾನ್ಯವಾಗಿ ಏಜೆನ್ಸಿಯದೇ. ‘ದುಡ್ಡಿಗಾಗಿ ಮಾಡಿದರು, ಅದಕ್ಕೇಕೆ ಪತ್ರ’ ಎನ್ನುವವರಿದ್ದಾರೆ. ಶುಲ್ಕ ಬರುವುದು ಕೆಲಸಕ್ಕೆ ಸೇರಿಸಿದ್ದಕ್ಕೆ. ‘ಈ ಆಫರ್ ನಿಮಗೆ ಒಳ್ಳೆಯದಲ್ಲ, ಒಪ್ಪಬೇಡಿ’ ಎಂದು ಏಜೆನ್ಸಿಯವರು ಹೇಳಿದ ಫೋನ್‌ಗೆ ಯಾರೂ ಕಾಸು ಕೊಡುವುದಿಲ್ಲ. ಅಂಥ ಫೋನ್ ಪತ್ರದಲ್ಲಿ ಬಂದಿದ್ದರೆ ಅದನ್ನು ಎತ್ತಿಟ್ಟುಕೊಳ್ಳಿ.

ಕೆಲಸ ಸಿಗದವರು ಬರೆದ ಪತ್ರಗಳೂ ಇವೆ, ತೀರಾ ಕಡಿಮೆ. ಐದು ಸುತ್ತು ಮುಗಿಸಿ, ಎರಡನೆಯ ಸ್ಥಾನದಲ್ಲಿ ಉಳಿದು, ಆಮೇಲೂ ಬರೆದವರು. ಅವನ್ನು ಓದುವಾಗ ಕೊನೆಯ ಪ್ಯಾರಾದ ಮೇಲೆ ಕಣ್ಣಿಡಿ. ಮುಂದಿನ ಹುದ್ದೆಗೆ ತನ್ನನ್ನು ನೆನಪಿಡಿ ಎಂಬ ಕೋರಿಕೆ ಅಲ್ಲಿದ್ದರೆ ಅದು ಅರ್ಜಿ. ಅದರಲ್ಲಿ ತಪ್ಪೇನೂ ಇಲ್ಲ, ಅದನ್ನು ಅರ್ಜಿಯಾಗಿಯೇ ಓದಿದರಾಯಿತು. ಕೋರಿಕೆಯಿಲ್ಲದೆ, ‘ಆಗಿಲ್ಲ ಎಂದು ಮೇಲ್ ಕಳಿಸದೆ ಫೋನ್ ಮಾಡಿ ಹೇಳಿದಿರಿ, ಕಾರಣವನ್ನೂ ಹೇಳಿದಿರಿ’ ಎಂದು ಮುಗಿದಿದ್ದರೆ, ನನ್ನ ಮಟ್ಟಿಗೆ ಈ ಪ್ರಕಾರದಲ್ಲಿ ಅದಕ್ಕಿಂತ ಮೇಲಿನದಿಲ್ಲ.