ಇಲ್ಲವೆನ್ನಲಾರದ ಎಲೆ

ಮದುವೆಯ ಪ್ರಸ್ತಾಪವನ್ನು ಮುಂದಿಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಹಾಕಿದ ಟ್ಯಾರೋ ಹಾಸಿನಲ್ಲಿ, ಎಂದರೆ ಒಂದೊಂದು ಸ್ಥಾನಕ್ಕೆ ಒಂದೊಂದು ಅರ್ಥವನ್ನು ಮೊದಲೇ ಗೊತ್ತುಮಾಡಿಕೊಂಡು ಎಲೆಗಳನ್ನು ಇಡುವ ಕ್ರಮದಲ್ಲಿ, ಏಸ್ ಆಫ್ ಕಪ್ಸ್ ಮತ್ತು ಫೋರ್ ಆಫ್ ವಾಂಡ್ಸ್ ಜೊತೆಯಾಗಿ ಬಿದ್ದರೆ ಹೆಚ್ಚಿನವರು ಅದನ್ನು ನೇರವಾದ ಸಮ್ಮತಿಯೆಂದು ಓದುತ್ತಾರೆ. ಆರ್ಥರ್ ಎಡ್ವರ್ಡ್ ವೇಟ್ ರೂಪಿಸಿ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿ, 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಎಲೆಗಳ ಕಟ್ಟನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಓದು ಅವಸರದ್ದೆಂದು ತಿಳಿಯುತ್ತದೆ.

ಏಸ್ ಆಫ್ ಕಪ್ಸ್ ಭಾವನೆಗಳಿಗೆ ಸಂಬಂಧಿಸಿದ ಬಟ್ಟಲುಗಳ ವರ್ಗದ ಮೊದಲ ಎಲೆ. ಮೋಡದಿಂದ ಚಾಚಿದ ಕೈಯೊಂದು ಹಿಡಿದಿರುವ ಬಟ್ಟಲಿನಿಂದ ನೀರು ಉಕ್ಕಿ ಕೆಳಗಿನ ಕೊಳಕ್ಕೆ ಸುರಿಯುತ್ತದೆ, ಮೇಲಿನಿಂದ ಪಾರಿವಾಳವೊಂದು ಇಳಿಯುತ್ತದೆ. ಆದರೆ ಚಿತ್ರದಲ್ಲಿ ಮನುಷ್ಯರಾರೂ ಇಲ್ಲ. ಪ್ರೀತಿ ಹುಟ್ಟಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಅದು ಯಾರನ್ನು ತಲುಪಿತು ಎಂಬುದನ್ನಲ್ಲ. ದಂಡಗಳ ವರ್ಗಕ್ಕೆ ಸೇರಿದ ಫೋರ್ ಆಫ್ ವಾಂಡ್ಸ್‌ನಲ್ಲಿ ಹೂಮಾಲೆ ಕಟ್ಟಿದ ನಾಲ್ಕು ದಂಡಗಳು ಮುಂದೆ ನಿಂತಿದ್ದು, ಅವುಗಳಾಚೆ ಇಬ್ಬರು ಹೂಗೊಂಚಲುಗಳನ್ನು ಎತ್ತಿ ಹಿಡಿದಿದ್ದಾರೆ, ಹಿಂದೆ ಹಳೆಯ ಕೋಟೆಮನೆಯಿದೆ. ಇಂದಿನವರು ಇವರನ್ನು ವಧೂವರರೆನ್ನುತ್ತಾರಾದರೂ ವೇಟ್‌ನ ವಿವರಣೆಯ ಪ್ರಕಾರ ಇಬ್ಬರೂ ಸ್ತ್ರೀಯರು. ಅವನು ಕೊಟ್ಟ ಅರ್ಥವೂ ನೆಮ್ಮದಿ, ಆಶ್ರಯ, ಸುಗ್ಗಿಯ ಸಂತಸ ಎಂಬಂಥದು. ಅದಕ್ಕಿಂತ ಮುಖ್ಯವಾಗಿ, ಈ ಎಲೆ ತಲೆಕೆಳಗಾಗಿ ಬಂದರೂ ಅರ್ಥ ಬದಲಾಗದೆಂದು ಅವನೇ ಹೇಳಿದ್ದಾನೆ. ಹೇಗೆ ಬಿದ್ದರೂ ಶುಭವನ್ನೇ ನುಡಿಯುವ ಎಲೆ 'ಹೌದು ಅಥವಾ ಇಲ್ಲ' ಎಂಬ ಪ್ರಶ್ನೆಗೆ ಸಾಕ್ಷಿಯಾಗಲಾರದು. ಏಸ್ ಹಾಗಲ್ಲ: ತಲೆಕೆಳಗಾದಾಗ ಅದು ಕಪಟ ಹೃದಯವನ್ನೂ ಅಸ್ಥಿರತೆಯನ್ನೂ ಸೂಚಿಸುತ್ತದೆ, ಆದ್ದರಿಂದ ನೇರವಾಗಿ ಬಿದ್ದಾಗ ಅದರ ಮಾತಿಗೆ ಬೆಲೆಯಿದೆ.

ಹೀಗಾಗಿ ತೀರ್ಮಾನ ನಿಲ್ಲುವುದು ಏಸ್ ಬಿದ್ದ ಸ್ಥಾನದ ಮೇಲೆ. ಕೇಳುವವನ ಮನಸ್ಸು, ಎದುರಿನವಳ ನಿಲುವು, ಪ್ರಸ್ತಾಪಿಸಿದರೆ ಆಗುವುದು ಎಂಬ ಮೂರು ಸ್ಥಾನಗಳ ಹಾಸಿನಲ್ಲಿ ಮೊದಲಿಗೆ ಏಸ್, ಕೊನೆಗೆ ಫೋರ್, ನಡುವೆ ಟೂ ಆಫ್ ಸ್ವೋರ್ಡ್ಸ್ ಬಂದಿವೆಯೆಂದು ಇಟ್ಟುಕೊಳ್ಳಬಹುದು. ನಡುವಿನ ಎಲೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣೊಬ್ಬಳು ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿಟ್ಟು ಎರಡು ಕತ್ತಿಗಳನ್ನು ಹಿಡಿದು ಕುಳಿತಿದ್ದಾಳೆ. ಅದು ನಿರಾಕರಣೆಯಲ್ಲ, ಇನ್ನೂ ಆಗದ ನಿರ್ಧಾರ. ಎರಡು ಶುಭ ಎಲೆಗಳ ಹೊಳಪಿನಲ್ಲಿ ಇದನ್ನು ಸಣ್ಣ ಅಡಚಣೆಯೆಂದು ದಾಟಿಸಿಬಿಡುವುದೇ ಇಂಥ ಓದುಗಳಲ್ಲಿ ಪದೇ ಪದೇ ಕಾಣುವ ದೋಷ, ಏಕೆಂದರೆ ಮೂರರಲ್ಲಿ ಅವಳ ಬಗ್ಗೆ ಮಾತಾಡುವ ಎಲೆ ಅದೊಂದೇ. ಆ ಹಾಸಿನಿಂದ ದೊರೆಯುವ ಸಲಹೆ ಉಂಗುರ ಕೊಳ್ಳುವುದಲ್ಲ, ಅವಳು ಯಾವುದನ್ನು ತೂಗಿ ನೋಡುತ್ತಿದ್ದಾಳೆಂದು ಮೊದಲು ಕೇಳುವುದು. ಏಸ್ ಎರಡನೆಯ ಸ್ಥಾನದಲ್ಲಿ ನೇರವಾಗಿ ಬಿದ್ದಿದ್ದರೆ ಮಾತ್ರ, ಉಕ್ಕುವ ಬಟ್ಟಲು ಅವಳದೆಂದಾಗಿ, ಪ್ರಸ್ತಾಪಕ್ಕೆ ಹಾಸಿನ ಬೆಂಬಲವಿದೆಯೆನ್ನಲು ಆಧಾರ ಸಿಗುತ್ತಿತ್ತು.