ಮಳೆ ರಜೆಯ ಶೀರ್ಷಿಕೆಗಳು: ಕೀವರ್ಡ್ ಮತ್ತು ನಿಖರತೆ

ಕರ್ನಾಟಕದ ಸುದ್ದಿ ಜಾಲತಾಣಗಳಲ್ಲಿ ಮುಂಗಾರಿನುದ್ದಕ್ಕೂ ಪ್ರಕಟವಾಗುವ ಶಾಲಾ ರಜೆಯ ಸುದ್ದಿಗಳು ವಿಷಯದ ದೃಷ್ಟಿಯಿಂದ ಚಿಕ್ಕವಾದರೂ, ಶೀರ್ಷಿಕೆ ಬರೆಯುವ ಕಸುಬನ್ನು ಒರೆಗೆ ಹಚ್ಚಲು ಅವುಗಳಷ್ಟು ಅನುಕೂಲವಾದ ಸಾಮಗ್ರಿ ಬೇರೆ ಸಿಗುವುದು ಕಷ್ಟ. ಮಳೆಯ ಕಾರಣಕ್ಕೆ ರಜೆ ಕೊಡುವ ಆದೇಶ ಸಾಮಾನ್ಯವಾಗಿ ಜಿಲ್ಲಾಧಿಕಾರಿಯಿಂದ ಹೊರಡುತ್ತದೆ; ಅದು ಕೆಲವೊಮ್ಮೆ ಇಡೀ ಜಿಲ್ಲೆಗೆ, ಕೆಲವೊಮ್ಮೆ ಒಂದೆರಡು ತಾಲ್ಲೂಕುಗಳಿಗಷ್ಟೇ ಅನ್ವಯಿಸುತ್ತದೆ; ಅಂಗನವಾಡಿ, ಶಾಲೆ, ಪದವಿಪೂರ್ವ ಕಾಲೇಜುಗಳ ಪೈಕಿ ಯಾವುದಕ್ಕೆ ರಜೆ, ಯಾವುದಕ್ಕಿಲ್ಲ ಎಂಬುದೂ ಆದೇಶದಿಂದ ಆದೇಶಕ್ಕೆ ಬದಲಾಗುತ್ತದೆ. ಆದ್ದರಿಂದ ಓದುಗನಿಗೆ ಬೇಕಾದ ಮಾಹಿತಿ ಮೂರೇ: ಯಾವ ಊರು, ಯಾವ ದಿನ, ಯಾವ ತರಗತಿಯವರೆಗೆ.

ಕೀವರ್ಡ್ ಎಂದರೆ ಓದುಗನು ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪಿಸುವ ಪದ ಅಥವಾ ಪದಗುಚ್ಛ. ಕ್ಲಿಕ್‌ಬೈಟ್ ಎಂದರೆ ಮುಖ್ಯ ಮಾಹಿತಿಯನ್ನು ಬಚ್ಚಿಟ್ಟೋ ಇಲ್ಲದ್ದನ್ನು ಉಬ್ಬಿಸಿಯೋ ಓದುಗನು ಕೊಂಡಿಯನ್ನು ಒತ್ತುವಂತೆ ಮಾಡುವ ಶೀರ್ಷಿಕೆ. ಇವೆರಡನ್ನೂ ಹುಡುಕಾಟದ ಯಂತ್ರಕ್ಕಾಗಿ ಬರೆಯುವ ಒಂದೇ ಚಟದ ಎರಡು ರೂಪಗಳೆಂದು ಬೈಯುವುದು ರೂಢಿಯಾಗಿದೆ. ಆದರೆ ‘ನಾಳೆ ಈ ಜಿಲ್ಲೆಗಳ ಶಾಲೆಗಳಿಗೆ ರಜೆ! ಪೋಷಕರು ಗಮನಿಸಿ’ ಎಂಬ ಮಾದರಿಯನ್ನು ಬಿಡಿಸಿ ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಇಲ್ಲಿ ಬಚ್ಚಿಟ್ಟಿರುವುದು ಜಿಲ್ಲೆಯ ಹೆಸರನ್ನು; ಮಡಿಕೇರಿಯ ಪೋಷಕರು ‘ಕೊಡಗು ಶಾಲೆ ರಜೆ’ ಎಂದು ಹುಡುಕುವಾಗ ಬಳಸುವ ಪದವೂ ಅದೇ. ಕುತೂಹಲ ಕೆರಳಿಸುವ ಹಂಬಲದಲ್ಲಿ ಬರಹಗಾರನು ತನ್ನ ಅತ್ಯುತ್ತಮ ಕೀವರ್ಡನ್ನು ತಾನೇ ಅಳಿಸಿಹಾಕಿರುತ್ತಾನೆ. ‘ನಾಳೆ’ ಎಂಬುದಂತೂ ಇನ್ನೂ ಕೆಟ್ಟದು, ಏಕೆಂದರೆ ಹುಡುಕಾಟದ ಫಲಿತಾಂಶದಲ್ಲಿ ಆ ಪುಟ ಎರಡು ದಿನ ಉಳಿದರೂ ಸಾಕು, ಮುಗಿದುಹೋದ ರಜೆಯನ್ನು ಬರಲಿರುವ ರಜೆಯೆಂದು ಅದು ಸಾರುತ್ತದೆ. ಇದರ ಬದಲು ‘ಕೊಡಗು: ಜುಲೈ 18ರಂದು ಶಾಲೆ, ಪಿಯು ಕಾಲೇಜುಗಳಿಗೆ ರಜೆ’ ಎಂದು ಬರೆದರೆ ಕೀವರ್ಡೂ ಬಂದಿತು, ಸುದ್ದಿಯೂ ಬಂದಿತು.

ಇಂತಹ ಮರೆಮಾಚುವಿಕೆಗೆ ದಂಡ ತೆರಬೇಕಾಗುತ್ತದೆಂಬುದು ಬರಿಯ ನೀತಿಪಾಠವಲ್ಲ. ಓದುಗರು ಕೊಂಡಿ ಒತ್ತಿದ ಮೇಲೆ ಎಷ್ಟು ಹೊತ್ತು ಹೊರಗಿನ ಪುಟದಲ್ಲಿ ಉಳಿಯುತ್ತಾರೆಂಬುದನ್ನು ಗಮನಿಸಿ, ತಟ್ಟನೆ ಹಿಂತಿರುಗುವಂತೆ ಮಾಡುವ ಸುದ್ದಿಗಳನ್ನು ಕೆಳಗೆ ತಳ್ಳುವುದಾಗಿ ಫೇಸ್‌ಬುಕ್ 2014ರಲ್ಲೇ ಪ್ರಕಟಿಸಿತು. 2016ರಲ್ಲಿ ಮಾಹಿತಿ ಬಚ್ಚಿಡುವುದು ಮತ್ತು ದಾರಿ ತಪ್ಪಿಸುವುದು ಎಂಬ ಎರಡು ಅಳತೆಗೋಲುಗಳಿಂದ ಶೀರ್ಷಿಕೆಗಳ ಪದಬಳಕೆಯನ್ನೇ ಪರೀಕ್ಷಿಸತೊಡಗಿತು. ಫೋನಿನಲ್ಲಿ ಹುಡುಕದೆಯೇ ಸುದ್ದಿ ತೋರಿಸುವ ಗೂಗಲ್ ಡಿಸ್ಕವರ್‌ನ ಮಾರ್ಗಸೂಚಿಯೂ, ವಿಷಯ ಅರ್ಥವಾಗಲು ಬೇಕಾದ ಮುಖ್ಯ ಮಾಹಿತಿಯನ್ನು ಶೀರ್ಷಿಕೆಯಲ್ಲಿ ತಡೆಹಿಡಿಯಬಾರದೆಂದು ಹೇಳುತ್ತದೆ. ಹಾಗೆಂದು ಈ ಜರಡಿಗಳು ಎಲ್ಲವನ್ನೂ ಹಿಡಿಯುತ್ತವೆಂದು ನಂಬುವಂತಿಲ್ಲ. ಮಳೆಗಾಲದ ಯಾವುದೇ ಸಂಜೆ ಫೋನು ತೆರೆದರೆ ಅವುಗಳ ಕಣ್ಣು ತಪ್ಪಿಸಿ ಬಂದವು ಧಾರಾಳವಾಗಿ ಸಿಗುತ್ತವೆ.

ಕೀವರ್ಡ್ ಇದ್ದ ಮಾತ್ರಕ್ಕೆ ಶೀರ್ಷಿಕೆ ಪ್ರಾಮಾಣಿಕವಾಗುವುದೂ ಇಲ್ಲ. ಹವಾಮಾನ ಇಲಾಖೆ ಕರಾವಳಿಗೆ ರೆಡ್ ಅಲರ್ಟ್ ಕೊಟ್ಟಿದ್ದು, ಜಿಲ್ಲಾಧಿಕಾರಿ ಇನ್ನೂ ಏನನ್ನೂ ಹೇಳಿಲ್ಲದಾಗ ‘ಉಡುಪಿ ಶಾಲೆಗಳಿಗೆ ರಜೆ?’ ಎಂದು ಬರೆಯುವುದು ಈ ಕಸುಬಿನ ಹೆಚ್ಚು ಜಾಣ ಮೋಸ. ಜಿಲ್ಲೆಯ ಹೆಸರಿದೆ, ಹುಡುಕುವ ಪದವಿದೆ. ಇಲ್ಲದಿರುವುದು ಆದೇಶ ಮಾತ್ರ. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಡಗಿರುವ ಇಂತಹ ಶೀರ್ಷಿಕೆಯನ್ನು ಯಂತ್ರ ಗುರುತಿಸುವುದು ಕಷ್ಟ, ಆದರೆ ಎರಡನೆಯ ಪರಿಚ್ಛೇದಕ್ಕೆ ಬರುವಷ್ಟರಲ್ಲಿ ಓದುಗ ಗುರುತಿಸಿರುತ್ತಾನೆ. ‘ಉಡುಪಿಗೆ ರೆಡ್ ಅಲರ್ಟ್, ಶಾಲಾ ರಜೆ ಆದೇಶ ಇನ್ನೂ ಹೊರಬಿದ್ದಿಲ್ಲ’ ಎಂಬುದು ಅದೇ ಪದಗಳನ್ನು ಉಳಿಸಿಕೊಂಡೇ ನಿಜ ಹೇಳುತ್ತದೆ, ಮತ್ತು ಆ ಹೊತ್ತಿನಲ್ಲಿ ಪೋಷಕರಿಗೆ ಅದೂ ಉಪಯುಕ್ತ ಸುದ್ದಿಯೇ.

ಜಾಲತಾಣದ ಪುಟಕ್ಕೆ ವಾಸ್ತವವಾಗಿ ಎರಡು ಶೀರ್ಷಿಕೆಗಳಿರುತ್ತವೆ: ಓದುಗನಿಗೆ ಪುಟದ ಮೇಲೆ ಕಾಣುವುದು ಒಂದು, `<title>` ಎಂಬ ಗುರುತಿನೊಳಗೆ ಹುಡುಕಾಟದ ಯಂತ್ರಕ್ಕೆ ಒಪ್ಪಿಸುವುದು ಇನ್ನೊಂದು. ಕನ್ನಡದಲ್ಲಿ ಈ ಎರಡನೆಯದು ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಹುಡುಕುವವನು ವಿಭಕ್ತಿಯಿಲ್ಲದೆ ‘ಶಿವಮೊಗ್ಗ ರಜೆ’ ಎಂದು ಟೈಪಿಸಿದರೆ, ವಾಕ್ಯ ಬರೆಯುವವನು ‘ಶಿವಮೊಗ್ಗದಲ್ಲಿ’ ಎಂದೇ ಬರೆಯಬೇಕಾಗುತ್ತದೆ. ಊರಿನ ಹೆಸರನ್ನು ಮೊದಲಿಟ್ಟು ವಿರಾಮಚಿಹ್ನೆ ಹಾಕುವ ಪತ್ರಿಕೆಗಳ ಹಳೆಯ ಪದ್ಧತಿ ಈ ತೊಡಕನ್ನು ಸಲೀಸಾಗಿ ಬಿಡಿಸುತ್ತದೆ. ಆದರೆ ಈ ಎರಡನೆಯ ಶೀರ್ಷಿಕೆಯ ಅವಕಾಶವನ್ನು ದುರುಪಯೋಗಪಡಿಸಿಕೊಂಡು ಅದರೊಳಗೆ ಹತ್ತು ಜಿಲ್ಲೆಗಳ ಹೆಸರು ತುರುಕುವವರೂ ಇದ್ದಾರೆ. 2021ರ ಆಗಸ್ಟ್‌ನಲ್ಲಿ ಗೂಗಲ್ ತಂದ ಪದ್ಧತಿಯ ಪ್ರಕಾರ, ಹೀಗೆ ಕೀವರ್ಡ್ ತುಂಬಿದ ಅಥವಾ ಹಳತಾದ `<title>` ಕಂಡಾಗ ಅದು ಪುಟದ ಮೇಲಿನ ಶೀರ್ಷಿಕೆಯನ್ನೋ ಇತರ ಪಠ್ಯವನ್ನೋ ಎತ್ತಿಕೊಂಡು ಫಲಿತಾಂಶದಲ್ಲಿ ತೋರಿಸಬಹುದು. ಆಗ ಸಂಪಾದಕನು ಎರಡನ್ನೂ ಬರೆದಿದ್ದರೂ ಓದುಗನು ಯಾವುದನ್ನು ನೋಡುತ್ತಾನೆಂಬ ನಿರ್ಧಾರ ಅವನ ಕೈಯಲ್ಲಿ ಉಳಿಯುವುದಿಲ್ಲ. ಎರಡೂ ಶೀರ್ಷಿಕೆಗಳು ಒಂದೇ ಊರನ್ನು, ಒಂದೇ ದಿನಾಂಕವನ್ನು ಹೇಳುತ್ತಿದ್ದರೆ ಮಾತ್ರ ಈ ಅದಲುಬದಲಿನಿಂದ ಪುಟಕ್ಕೆ ನಷ್ಟವಿಲ್ಲ.